ಮೆಟ್ಟಿಲಲ್ಲಿ ಸಿಗೋ ಪಕ್ಕದ ಮನೆ ಮಗು

ಡೊಂಬಿವಲಿ, ಕಲ್ಯಾಣ, ಠಾಣೆಯ ಹಳೇ ಬಿಲ್ಡಿಂಗ್‌ಗಳಲ್ಲಿ ಲಿಫ್ಟ್ ಇಲ್ಲದ ಮೂರ್ನಾಲ್ಕು ಮಹಡಿ ಎಷ್ಟೋ ಇವೆ. ಮೆಟ್ಟಿಲು ಕಿರಿದು, ಬಲ್ಬ್ ಉರಿದರೆ ಉರೀತು.

ಲೋಕಲ್ ಇಳಿದು ನೀವು ಮೆಟ್ಟಿಲು ಹತ್ತುತ್ತಿದ್ದೀರಿ ಅಂತಿಟ್ಕೊಳ್ಳಿ. ಮುಂದೆ ಏಳೆಂಟು ವರ್ಷದ ಹುಡುಗಿ, ಟ್ಯೂಷನ್ ಬ್ಯಾಗ್, ಒಬ್ಬಳೇ. ಅವಳಿಗೆ ಮೊದಲು ಕೇಳಿಸೋದು ನಿಮ್ಮ ಮುಖವಲ್ಲ, ಹಿಂದಿನಿಂದ ಬರೋ ಬೂಟಿನ ಸದ್ದು. ಅವಳು ಹೆಜ್ಜೆ ಜೋರು ಮಾಡಿದ್ರೆ ಹೆದರಿದ್ದಾಳೆ ಅಂತಲೇ ತಿಳ್ಕೊಳ್ಳಿ. ಆಗ ನೀವೂ ಬೇಗ ಹತ್ತಿ, ದಾಟಿ ಹೋಗಿ ಸಮಾಧಾನ ಮಾಡೋಣ ಅನ್ನೋದು ತಪ್ಪು. ಲ್ಯಾಂಡಿಂಗ್‌ನಲ್ಲೇ ನಿಂತುಬಿಡಿ. ಕೆಳಗಿನಿಂದಲೇ, ಮಾಮೂಲಿ ದನಿಯಲ್ಲಿ, "ಟ್ಯೂಷನ್ ಮುಗೀತಾ? ನೀನು ಹೋಗು, ನಾನು ಆಮೇಲೆ ಬರ್ತೀನಿ" ಅನ್ನಿ. ಮರಾಠಿಯಲ್ಲೋ ಹಿಂದಿಯಲ್ಲೋ, ಅವಳಿಗೆ ಬರೋ ಭಾಷೆಯಲ್ಲಿ. ಮೇಲೆ ಬಾಗಿಲು ತೆಗೆದು ಮುಚ್ಚಿದ ಸದ್ದು ಕೇಳಿದ ಮೇಲೆ ಹತ್ತಿ. ಅರ್ಧ ನಿಮಿಷದ ಕೆಲಸ.

ಅವಳು ಇಳೀತಿದ್ರೆ ಲೆಕ್ಕ ಬೇರೆ. ಕೆಳಗಿರೋ ನೀವೇ ಅವಳ ದಾರಿಗೆ ಅಡ್ಡ. ಮೆಟ್ಟಿಲ ಮಧ್ಯೆ ನಿಲ್ಲದೆ ಲ್ಯಾಂಡಿಂಗ್‌ನ ಮೂಲೆಗೆ ಸರಿದು, ಇಳಿಯೋ ದಾರಿ ಖಾಲಿ ಕಾಣೋ ಹಾಗೆ ಬಿಡಿ. ನಮಸ್ತೆ ಅಲ್ಲಿಂದಲೇ ಸಾಕು. ಕೆನ್ನೆ ಹಿಂಡೋದು, ತಲೆ ಸವರೋದು ಬೇಡ. ಚಾಕೊಲೇಟ್ ಕೊಡಲೇಬೇಕಂದ್ರೆ ಅಮ್ಮ ಜೊತೆಗಿದ್ದಾಗ ಕೊಡಿ. "ಮನೇಲಿ ಮಮ್ಮಿ ಇದ್ದಾರಾ?" ಅಂತ ನಾವು ಸುಮ್ನೆ ಕೇಳ್ತೀವಲ್ಲ, ಅದಕ್ಕೆ ಉತ್ತರ ಕೊಡಬಾರದು ಅಂತ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಟ್ಟಿರ್ತಾರೆ. ಮಗು ಗೋಡೆಗೆ ಬೆನ್ನು ಕೊಟ್ಟು ಒಂದೇ ಪದದ ಉತ್ತರ ಕೊಟ್ರೆ ಮಾತು ಅಲ್ಲಿಗೇ ನಿಲ್ಲಿಸಿ.

ಇನ್ನು ಅಪ್ಪ-ಅಮ್ಮ. "ಅಪರಿಚಿತರ ಜೊತೆ ಮಾತಾಡಬೇಡ" ಅಂತ ಬೆಳಗ್ಗೆ, "ಅಂಕಲ್‌ಗೆ ಶೇಕ್‌ಹ್ಯಾಂಡ್ ಕೊಡು, ನಾಚಿಕೆ ಯಾಕೆ" ಅಂತ ಸಂಜೆ. ಮಗುವಿಗೆ ಗೊಂದಲ. ದಿನಾ ಮೆಟ್ಟಿಲಲ್ಲಿ ಕಾಣೋ ಕಾಕಾ ಪರಿಚಿತರೋ ಅಪರಿಚಿತರೋ? ಪೋಕ್ಸೋ ಕಾಯ್ದೆಯಡಿ ದಾಖಲಾಗೋ ಅತ್ಯಾಚಾರ ಪ್ರಕರಣಗಳಲ್ಲಿ, ಎನ್‌ಸಿಆರ್‌ಬಿ ಲೆಕ್ಕದಂತೆ, ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿರೋವ್ರೇ. ಚೈಲ್ಡ್‌ಲೈನ್ ಸಂಸ್ಥೆಯ 'ಕೋಮಲ್' ಅನ್ನೋ ಆನಿಮೇಷನ್ ಚಿತ್ರದಲ್ಲೂ ತೊಂದರೆ ಕೊಡೋದು ದಾರಿಹೋಕನಲ್ಲ, ನೆರೆಮನೆಯ ಅಂಕಲ್. ಮಕ್ಕಳ ಜೊತೆ ಕೂತು ನೋಡಬಹುದು.

ಅದಕ್ಕೇ ನಿಯಮ ಮನುಷ್ಯನಿಗಲ್ಲ, ನಡೆಗೆ ಕಟ್ಟಿ. ದೂರದಿಂದ ಕೈ ಮುಗಿಯೋದು ಯಾರಿಗಾದ್ರೂ ಸರಿ, ನಿಲ್ಲಬೇಕಿಲ್ಲ. ಮುಟ್ಟೋದು, ಒಳಗೆ ಕರೆಯೋದು, "ಮಮ್ಮಿಗೆ ಹೇಳಬೇಡ" ಅನ್ನೋದು ಯಾರು ಮಾಡಿದ್ರೂ, ಅಜ್ಜನೇ ಆದ್ರೂ, ಬಂದು ಹೇಳಬೇಕು. ಹೇಳಿದಾಗ ಬೈಬೇಡಿ, ಬೈದ್ರೆ ಮುಂದಿನ ಸಲ ಹೇಳಲ್ಲ. ಸಹಾಯಕ್ಕೆ 1098 ಇದೆ.

ಮಗು ಉತ್ತರ ಕೊಡದೆ ಇಳಿದು ಹೋದ್ರೆ ಅವರಪ್ಪನಿಗೆ "ನಿಮ್ಮ ಮಗಳು ಮಾತೇ ಆಡಲ್ಲ" ಅಂತ ದೂರಬೇಡಿ. ನಾಳೆ ಮತ್ತೆ ಅದೇ ಮೂಲೆಯಿಂದ ನಮಸ್ತೆ ಹೇಳಿ.