ಎಳ್ಳು ಮಾಡಿದ್ದು ಅಜ್ಜಿ, ಬೀರೋದು ಯಾರು?

(ಸಂಕ್ರಾಂತಿಯ ಬೆಳಗ್ಗೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮಕ್ಕಳಿಗೆ ಮತ್ತು ಹೊಸದಾಗಿ ಬಂದವರಿಗೆ ಆಡಿದ ಮಾತಿನ ಬರಹ ರೂಪ)

ಮಕ್ಕಳೇ, ಮುಂದೆ ಬಂದು ಕೂತ್ಕೊಳ್ಳಿ. ಕಬ್ಬು ಆಮೇಲೆ ತಿನ್ನೋಣ.

ಹೋದ ವರ್ಷ ಇದೇ ಜಾಗದಲ್ಲಿ ನಿಂತು ನಾನು ಒಂದು ತಪ್ಪು ಹೇಳಿದ್ದೆ. "ಇವತ್ತಿಂದ ಸೂರ್ಯ ಉತ್ತರಕ್ಕೆ ತಿರುಗ್ತಾನೆ, ಹಗಲು ದೊಡ್ಡದಾಗುತ್ತೆ" ಅಂದಿದ್ದೆ. ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು ಕೈ ಎತ್ತಿ, "ಅಂಕಲ್, ಅದು ಡಿಸೆಂಬರ್‌ನಲ್ಲೇ ಆಗುತ್ತೆ ಅಂತ ನಮ್ಮ ಪುಸ್ತಕದಲ್ಲಿದೆಯಲ್ಲ?" ಅಂದಳು. ನನ್ನ ಹತ್ರ ಉತ್ತರ ಇರಲಿಲ್ಲ. ನಕ್ಕು ಮುಂದಕ್ಕೆ ಹೋದೆ. ಅದೇ ದಿನ ಇನ್ನೊಂದು ಪ್ರಶ್ನೆಗೂ ಹಾಗೇ ಮಾಡಿದೆ. ಇವತ್ತು ಎರಡಕ್ಕೂ ಉತ್ತರ ಕೊಡ್ತೀನಿ.

ಮೊದಲನೆಯದು ಸೂರ್ಯನದು. ಈ ಸಲ ಡಿಸೆಂಬರ್ 22ಕ್ಕೆ ನಾವೆಲ್ಲ ಟೆರೇಸ್ ಮೇಲೆ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿದ್ವಿ, ನೆನಪಿದೆಯಾ? ಮಧ್ಯಾಹ್ನ ಅದರ ನೆರಳು ತೀರಾ ಚಿಕ್ಕದಾದಾಗ ಅಳೆದ್ವಿ. ಸುಮಾರು 74 ಸೆಂಟಿಮೀಟರ್ ಬಂತು. ನಿನ್ನೆ ಮತ್ತೆ ಅಳೆದ್ವಿ, 68ರ ಹತ್ತಿರ ಬಂತು. ನೆರಳು ಚಿಕ್ಕದಾಗಿದೆ ಅಂದ್ರೆ ಸೂರ್ಯ ಆಕಾಶದಲ್ಲಿ ಮೇಲಕ್ಕೆ, ಅಂದ್ರೆ ಉತ್ತರದ ಕಡೆಗೆ ಬಂದಿದ್ದಾನೆ. ಬೆಂಗಳೂರಿನ ಹಗಲು ಆಗಲೇ ಐದು ನಿಮಿಷದ ಹತ್ತಿರ ಉದ್ದವಾಗಿದೆ. ಆ ಹುಡುಗಿ ಹೇಳಿದ್ದೇ ಸರಿ. ಸೂರ್ಯ ಮೂರು ವಾರದ ಹಿಂದೆಯೇ ತಿರುಗಿದ್ದಾನೆ.

ಹಾಗಾದ್ರೆ ಹಬ್ಬ ಇವತ್ತು ಯಾಕೆ? ಸಂಕ್ರಾಂತಿ ಅಂದ್ರೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟೋದು. ವರ್ಷಕ್ಕೆ ಅಂಥ 12 ಸಂಕ್ರಾಂತಿ ಇವೆ, ಇವತ್ತಿನದು ಮಕರಕ್ಕೆ ದಾಟುವುದು. ನಮ್ಮ ಪಂಚಾಂಗ ಈ ರಾಶಿಗಳನ್ನು ನಕ್ಷತ್ರಗಳ ಗುರುತು ಇಟ್ಕೊಂಡು ಲೆಕ್ಕ ಹಾಕುತ್ತೆ. ಆದರೆ ಚಳಿ, ಬೇಸಿಗೆ ಬರೋದು ಭೂಮಿ ಓರೆಯಾಗಿ ವಾಲಿಕೊಂಡು ಸುತ್ತೋದರಿಂದ. ಬುಗುರಿ ಆಡಿಸಿದ್ದೀರಲ್ಲ? ಅದು ಸುತ್ತುತ್ತಾ ಸುತ್ತುತ್ತಾ ತಲೆಯನ್ನೂ ನಿಧಾನಕ್ಕೆ ತಿರುಗಿಸುತ್ತೆ. ಭೂಮಿಯೂ ಹಾಗೇ. ಅದರ ತಲೆ ಒಂದು ಸುತ್ತು ಬರೋಕೆ ಹೆಚ್ಚುಕಡಿಮೆ 26,000 ವರ್ಷ ಬೇಕು. ಇದರಿಂದಾಗಿ ನಕ್ಷತ್ರದ ಲೆಕ್ಕವೂ ಋತುವಿನ ಲೆಕ್ಕವೂ ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ದೂರ ಆಗ್ತಾ ಹೋಗುತ್ತವೆ.

ಇದಕ್ಕೆ ಒಂದು ಸಾಕ್ಷಿ ಹೇಳ್ತೀನಿ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು. ಅವತ್ತು ಮಕರ ಸಂಕ್ರಾಂತಿ ಆಗಿತ್ತು. ಈಗ ಹಬ್ಬ ಬರೋದು 14ಕ್ಕೆ, ಕೆಲವು ವರ್ಷ 15ಕ್ಕೆ. ನೂರರವತ್ತು ವರ್ಷದಲ್ಲಿ ಎರಡು ದಿನ ಸರಿದಿದೆ. ಹೀಗೇ ಹಿಂದಕ್ಕೆ ಹೋದ್ರೆ, ಸುಮಾರು 1700 ವರ್ಷದ ಹಿಂದೆ ಸೂರ್ಯ ಮಕರಕ್ಕೆ ಬರುವ ದಿನವೂ, ಉತ್ತರಕ್ಕೆ ತಿರುಗುವ ದಿನವೂ ಒಂದೇ ಆಗಿದ್ದವು. ಆಗಿನವರು ಕಣ್ಣಾರೆ ನೋಡಿದ್ದನ್ನೇ ಹೇಳಿದ್ರು. ನಾನು ನೆರಳು ನೋಡದೆ ಅದನ್ನೇ ಮತ್ತೆ ಹೇಳಿದೆ. ಪಂಚಾಂಗದ ಲೆಕ್ಕದಲ್ಲಿ ಹಬ್ಬ ಸರಿಯಾದ ದಿನವೇ ಇದೆ, ನನ್ನ ವಾಕ್ಯ ಮಾತ್ರ ಹಳೇದಾಗಿತ್ತು.

ಈಗ ಎಳ್ಳು-ಬೆಲ್ಲ. ಹೊಸದಾಗಿ ಬಂದಿರೋರು ಬೆಳಗ್ಗೆಯಿಂದ ಕೇಳ್ತಿದ್ದೀರಿ, ಈ ಪೊಟ್ಟಣ ಏನು, ಇದನ್ನ ಏನ್ ಮಾಡ್ಬೇಕು ಅಂತ. ಇದರಲ್ಲಿ ಐದು ಪದಾರ್ಥ ಇವೆ. ಹುರಿದ ಬಿಳಿ ಎಳ್ಳು, ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ, ಹುರಿಗಡಲೆ, ಸಣ್ಣಗೆ ಹೆಚ್ಚಿದ ಕೊಬ್ಬರಿ ಮತ್ತು ಅಚ್ಚುಬೆಲ್ಲದ ಚೂರು. ನೋಡೋಕೆ ಸುಲಭ ಅನ್ಸುತ್ತೆ, ಕೆಲಸ ಇರೋದು ಕೊನೆಯ ಎರಡರಲ್ಲಿ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಬೆಲ್ಲದ ಜೊತೆ ಒಂದೇ ಅಳತೆಗೆ ಹೆಚ್ಚಿ, ಮೂರು-ನಾಲ್ಕು ದಿನ ಬಿಸಿಲಲ್ಲಿ ಒಣಗಿಸಬೇಕು. ಆತುರಪಟ್ಟರೆ ಬೆಲ್ಲ ಬೆವರುತ್ತೆ, ಎಲ್ಲ ಸೇರಿ ಉಂಡೆ ಕಟ್ಟುತ್ತೆ, ಕೊಬ್ಬರಿ ಕಮಟು ವಾಸನೆ ಬರುತ್ತೆ. ಡಬ್ಬಿ ಅಲ್ಲಾಡಿಸಿ ನೋಡಿ. ಗಲಗಲ ಅಂದ್ರೆ ಚೆನ್ನಾಗಿ ಒಣಗಿದೆ ಅಂತ ಅರ್ಥ.

ಇದನ್ನು ಒಬ್ಬರೇ ಮಾಡಿಕೊಂಡು ತಿನ್ನೋದಿಲ್ಲ. ಮನೆಮನೆಗೆ ಹೋಗಿ ಕೊಡ್ತೀವಿ, ಅದಕ್ಕೆ ಎಳ್ಳು ಬೀರೋದು ಅಂತಾರೆ. ಜೊತೆಗೆ ಸಕ್ಕರೆ ಅಚ್ಚು, ಕಬ್ಬು, ಬಾಳೆಹಣ್ಣು, ಎಲಚಿಹಣ್ಣು ಇರುತ್ತೆ. ಕೊಡುವಾಗ "ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂತೀವಿ. ಮಹಾರಾಷ್ಟ್ರದಿಂದ ಬಂದವರಿಗೆ ಇದು ಹೊಸದಲ್ಲ, ಅವರೂ ತಿಳಗುಳ್ ಕೊಟ್ಟು ಸಿಹಿಯಾಗಿ ಮಾತಾಡಿ ಅಂತಲೇ ಹೇಳ್ತಾರೆ. ನಿಮ್ಮ ಬಾಗಿಲಿಗೆ ಯಾರಾದ್ರೂ ಬಂದ್ರೆ ತಗೊಳ್ಳಿ, ಒಂದು ಚಿಟಿಕೆ ಬಾಯಿಗೆ ಹಾಕ್ಕೊಳ್ಳಿ, ಅಷ್ಟೇ. ತಿರುಗಿ ಏನೂ ಕೊಡಲೇಬೇಕು ಅಂತಿಲ್ಲ. ಡಬ್ಬಿಯಲ್ಲಿ ಕೊಟ್ಟಿದ್ರೆ ಖಾಲಿ ವಾಪಸ್ ಕಳಿಸದೆ ಒಂದು ಚಮಚ ಸಕ್ಕರೆ ಹಾಕಿ ಕೊಡಿ, ಸಾಕು.

ಇಲ್ಲಿಗೆ ಎರಡನೇ ಪ್ರಶ್ನೆ ಬಂತು. ಹೋದ ವರ್ಷ ನನ್ನ ತಂಗಿಯ ಮಗ, ಆರು ವರ್ಷದವನು, ಎಲ್ಲರ ಮುಂದೆ ಕೇಳಿದ: "ಮಾಮ, ಎಳ್ಳು ಮಾಡಿದ್ದು ಅಜ್ಜಿ. ಬೀರೋಕೆ ಅಜ್ಜಿ ಯಾಕೆ ಬರಲ್ಲ?"

ನಮ್ಮಪ್ಪ ತೀರಿಕೊಂಡು ಒಂಬತ್ತು ವರ್ಷ ಆಯ್ತು. ಅಲ್ಲಿವರೆಗೆ ಅಮ್ಮ ರೇಷ್ಮೆ ಸೀರೆ ಉಟ್ಕೊಂಡು ನಮ್ಮ ಬೀದಿಯ ಒಂದು ಮನೆಯನ್ನೂ ಬಿಡದೆ ಎಳ್ಳು ಬೀರುತ್ತಿದ್ದರು. ಆಮೇಲಿನ ಸಂಕ್ರಾಂತಿಯಿಂದ ಅವರು ಆಚೆ ಬರಲಿಲ್ಲ. ಗಂಡ ಇಲ್ಲದವರು ಎಳ್ಳು ಬೀರಬಾರದು ಅಂತ ಯಾರೂ ಮನೆಗೆ ಬಂದು ಹೇಳಲಿಲ್ಲ. ಹೇಳೋ ಅಗತ್ಯವೇ ಇರಲಿಲ್ಲ, ಅವರೇ ಒಳಗೆ ಉಳಿದರು. ನಾವೂ ಬನ್ನಿ ಅನ್ನಲಿಲ್ಲ. ಕೊಬ್ಬರಿ ಹೆಚ್ಚಿದ ಬೆರಳು ಅವರದ್ದು, ಬಿಸಿಲಿಗೆ ಇಟ್ಟು ಕಾಗೆ ಕಾದಿದ್ದು ಅವರು. ತಟ್ಟೆ ಹಿಡಿದು ಹೋಗ್ತಿದ್ದುದು ಮಾತ್ರ ಬೇರೆಯವರು.

ಒಂಬತ್ತು ವರ್ಷ ನಾನು ಅದನ್ನ ಪದ್ಧತಿ ಅಂದ್ಕೊಂಡಿದ್ದೆ. ಸೂರ್ಯನ ವಿಷಯದಲ್ಲಿ ಮಾಡಿದ ಹಾಗೇ, ಕಣ್ಣ ಮುಂದೆ ಇದ್ದದ್ದನ್ನ ನೋಡದೆ ಕೇಳಿದ್ದನ್ನೇ ನಡೆಸಿಕೊಂಡು ಬಂದೆ. ಒಳ್ಳೆ ಮಾತಾಡಿ ಅಂತ ಊರಿಗೆಲ್ಲ ಹೇಳುವ ಹಬ್ಬದಲ್ಲಿ ನಮ್ಮಮ್ಮನಿಗೆ "ನೀವೂ ಬನ್ನಿ" ಅನ್ನೋ ಎರಡು ಮಾತು ಆಡೋಕೆ ನನಗಾಗಿರಲಿಲ್ಲ.

ಹೋದ ವಾರ ಆ ಮಾತು ಆಡಿದೆ. "ಬೇಡ ಕಣೋ, ಹಬ್ಬದ ದಿನ ಯಾರಾದ್ರೂ ಏನಾದ್ರೂ ಅಂದ್ಕೊಂಡ್ರೆ?" ಅಂದರು. ಮೂರು ದಿನ ಅದೇ ಮಾತು. ನಾಲ್ಕನೇ ದಿನ ಆ ಮೊಮ್ಮಗನೇ ಅವರ ಬೀರು ತೆಗೆದು, "ಅಜ್ಜಿ, ಯಾವ ಸೀರೆ?" ಅಂತ ಕೇಳಿದ. ಅದಕ್ಕೆ ಅವರು ಬೇಡ ಅನ್ನಲಿಲ್ಲ.

ಅವರು ಅಲ್ಲಿ, ಹಿಂದಿನ ಸಾಲಿನಲ್ಲಿ, ತಟ್ಟೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಇನ್ನೂ ಸ್ವಲ್ಪ ಅಂಜಿಕೆ ಇದೆ, ಅದಕ್ಕೇ ಮುಂದೆ ಬಂದಿಲ್ಲ. ಮಕ್ಕಳೇ, ನೀವೇ ಹಿಂದಕ್ಕೆ ಹೋಗಿ. ನೂಕಾಡಬೇಡಿ. ಬಲಗೈ ಚಾಚಿ, ಅವರ ಕೈಯಿಂದ ತಗೊಳ್ಳಿ. ಅವರು ಒಂದು ಮಾತು ಹೇಳ್ತಾರೆ, ಪೂರ್ತಿ ಕೇಳಿಸ್ಕೊಂಡು ಆಮೇಲೆ ತಿನ್ನಿ.