ಮೋಟರ್ ಹಾಕದೆ ಏರಿದ ನೀರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹವ್ಯಾಸಕ್ಕೆ ಮಾಡಿದ ಒಂದು ಕೆಲಸದ ಬಗ್ಗೆ ಮಾತಾಡು ಎಂದು ಸಮಿತಿಯವರು ಹೇಳಿದರು. ನನ್ನದು ದೊಡ್ಡ ಕೆಲಸವೇನಲ್ಲ. ನಮ್ಮ ಮನೆಯ ನೀರಿನ ಟ್ಯಾಂಕಿನ ಕಥೆ.

ನಮ್ಮ ಕಡೆ ಮೋಟರಿಗೆ ಕರೆಂಟು ಯಾವಾಗ ಬರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ನಡುರಾತ್ರಿಯೋ ಬೆಳಗಿನ ಜಾವವೋ ಬಂದಾಗ ಅವ್ವ ಎದ್ದು ಸ್ವಿಚ್ ಹಾಕಿ, ಟಾರ್ಚ್ ಹಿಡಿದು ಏಣಿ ಹತ್ತಿ, ಟ್ಯಾಂಕಿನ ಮುಚ್ಚಳ ತೆಗೆದು ನೋಡಿ ಬರುತ್ತಿದ್ದಳು. ಒಮ್ಮೆ ಮಂಜು ಬಿದ್ದ ಏಣಿಯ ಮೇಲೆ ಕಾಲು ಜಾರಿತು. ಎರಡೇ ಮೆಟ್ಟಿಲು, ಮಂಡಿ ತರಚಿತಷ್ಟೇ. ಆದರೆ ಆ ವಾರವೇ ನಾನು ಆರ್ಡುಯಿನೊ ಉನೊ ಎಂಬ ಬೋರ್ಡ್ ತಂದೆ.

ಅಂಗೈಗಿಂತ ಚಿಕ್ಕ ಹಲಗೆ ಅದು. ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗೆಂದೇ ಶುರುವಾದ ಕೆಲಸ. ಆ ಊರಿನ ಒಂದು ಬಾರಿನ ಹೆಸರೇ ಇದಕ್ಕೂ ಬಂತು. ಅದರ ಮೇಲಿನ ಪುಟ್ಟ ಚಿಪ್ಪಿನಲ್ಲಿ ನಾವು ಬರೆದ ಒಂದೇ ಒಂದು ಕಾರ್ಯಕ್ರಮ ಕೂತು, ಕರೆಂಟು ಇರುವವರೆಗೂ ಅದನ್ನೇ ಮತ್ತೆ ಮತ್ತೆ ನಡೆಸುತ್ತಿರುತ್ತದೆ. ಈ ಬೋರ್ಡಿಗೆ ನೀರು ಗೊತ್ತಿಲ್ಲ, ಟ್ಯಾಂಕ್ ಗೊತ್ತಿಲ್ಲ. ಅದಕ್ಕೆ ತಿಳಿಯುವುದು ಎರಡೇ: ತನ್ನ ಕಾಲಿಗೆ ಎಷ್ಟು ವೋಲ್ಟ್ ಬಂತು, ಎಷ್ಟು ಹೊತ್ತು ಬಂತು. ಆದರೆ ಆ ಹೊತ್ತನ್ನು ಅದು ಸೆಕೆಂಡಿನ ಹತ್ತು ಲಕ್ಷದ ಕೆಲವೇ ಭಾಗಗಳಷ್ಟು ಸೂಕ್ಷ್ಮವಾಗಿ ಎಣಿಸಬಲ್ಲದು. ನನಗೆ ಬೇಕಾಗಿದ್ದೂ ಅದೇ.

ಒಂಬತ್ತನೇ ತರಗತಿಯಲ್ಲಿ ಪ್ರತಿಧ್ವನಿಯ ಪಾಠ ಇತ್ತಲ್ಲ, ಅದನ್ನು ನೆನಪಿಸಿಕೊಳ್ಳಿ. ಟ್ಯಾಂಕಿನ ಬಾಯಲ್ಲಿ ಕೆಳಮುಖವಾಗಿ ಒಂದು ಸಂವೇದಕ ಕೂರಿಸಿದೆ. ಬೋರ್ಡು ಹೇಳಿದಾಗ ಅದು ನಮ್ಮ ಕಿವಿಗೆ ಕೇಳದಷ್ಟು ಕೀರಲು ಶಬ್ದ ಹೊರಡಿಸುತ್ತದೆ. ಶಬ್ದ ನೀರಿಗೆ ಬಡಿದು ವಾಪಸು ಬರುತ್ತದೆ. ಹೋಗಿ ಬರಲು ಹಿಡಿದ ಸಮಯವನ್ನು ಬೋರ್ಡು ಎಣಿಸುತ್ತದೆ. ಒಂದು ಸೆಂಟಿಮೀಟರ್ ದೂರಕ್ಕೆ ಹೋಗಿ ಬರಲು ಸುಮಾರು 58 ಮೈಕ್ರೊಸೆಕೆಂಡ್ ಬೇಕು. ಹಾಗಾಗಿ ಸಮಯವನ್ನು 58ರಿಂದ ಭಾಗಿಸಿದರೆ ನೀರು ಎಷ್ಟು ಸೆಂಟಿಮೀಟರ್ ಕೆಳಗಿದೆ ಎಂದು ಸಿಗುತ್ತದೆ. ಆ ಅಂಕಿಯನ್ನು ತೋರಿಸಲು ಅಡುಗೆಮನೆಯ ಗೋಡೆಗೆ ಒಂದು ಪುಟ್ಟ ಪರದೆ, ಟ್ಯಾಂಕ್ ತುಂಬುತ್ತಾ ಬಂದಾಗ ಕೂಗಲು ಒಂದು ಬಜರ್ ಹಾಕಿದೆ. ಟ್ಯಾಂಕ್ ಅಡುಗೆಮನೆಯ ತಾರಸಿಯ ಮೇಲೇ ಇದ್ದುದರಿಂದ ನಾಲ್ಕು ಮೀಟರ್ ವೈರು ಸಾಕಾಯಿತು.

ಹದಿನೈದು ದಿನ ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ಬೆಳಗಿನ ಜಾವ ನಾಲ್ಕಕ್ಕೆ ಬಜರ್ ಕೂಗಿತು. ಅವ್ವ ಎದ್ದು ಮೋಟರ್ ನಿಲ್ಲಿಸಿ ಮಲಗಿದಳು. ಬೆಳಗ್ಗೆ ನೋಡಿದರೆ ಟ್ಯಾಂಕಿನಲ್ಲಿ ಕಾಲು ಭಾಗವೂ ನೀರಿಲ್ಲ, ಕರೆಂಟೂ ಹೋಗಿತ್ತು. ಅವತ್ತು ದನಕ್ಕೂ ಮನೆಗೂ ಪಕ್ಕದ ಮನೆಯಿಂದ ಹೊತ್ತು ತಂದೆವು. ಅವ್ವ ಏನೂ ಅನ್ನಲಿಲ್ಲ. ಸಂಜೆ ಏಣಿಯನ್ನು ಮತ್ತೆ ಗೋಡೆಗೆ ಆನಿಸಿ ಇಟ್ಟಳು, ಅಷ್ಟೇ.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಟ್ಯಾಂಕಿನ ಒಳಗಿನ ಆವಿ ರಾತ್ರಿ ತಣ್ಣಗಾಗಿ ಸಂವೇದಕದ ಮುಖದ ಮೇಲೆ ಹನಿಯಾಗಿ ಕೂತಿತ್ತು. ಶಬ್ದ ಹೊರಗೆ ಹೋಗಲಿಲ್ಲ, ಪ್ರತಿಧ್ವನಿ ಬರಲಿಲ್ಲ. ಪ್ರತಿಧ್ವನಿಗೆ ಕಾಯುವ ಆಜ್ಞೆ, ಕೊಟ್ಟ ಗಡುವು ಮುಗಿದರೆ ಸೊನ್ನೆ ಎಂದು ಉತ್ತರಿಸುತ್ತದೆ. ನನ್ನ ಕಾರ್ಯಕ್ರಮ ಆ ಸೊನ್ನೆಯನ್ನು 58ರಿಂದ ಭಾಗಿಸಿ, ನೀರು ಸೊನ್ನೆ ಸೆಂಟಿಮೀಟರ್ ಕೆಳಗಿದೆ, ಅಂದರೆ ಟ್ಯಾಂಕ್ ತುಂಬಿದೆ ಎಂದು ತಿಳಿಯಿತು. ‘ಗೊತ್ತಿಲ್ಲ’ ಎಂಬ ಉತ್ತರವನ್ನು ನಾನು ‘ತುಂಬಿದೆ’ ಎಂದು ಓದಿದ್ದೆ. ತಪ್ಪು ಬೋರ್ಡಿನದಲ್ಲ.

ಸೊನ್ನೆ ಬಂದರೆ ಪರದೆಯ ಮೇಲೆ ಬರೀ ಗೆರೆ ಕಾಣುವಂತೆ, ಬಜರ್ ಕೂಗದಂತೆ ಬದಲಾಯಿಸಿದೆ. ಜೊತೆಗೆ, ಒಂದು ಸಲದ ಅಳತೆಯನ್ನು ನಂಬುವುದನ್ನು ಬಿಟ್ಟೆ. ಈಗ ಐದು ಸಲ ಅಳೆದು, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಡುವಿನದನ್ನು ಮಾತ್ರ ತೆಗೆದುಕೊಳ್ಳುತ್ತದೆ. ಸರಾಸರಿ ಯಾಕಲ್ಲ ಅಂದರೆ, ಐದರಲ್ಲಿ ಒಂದು ಅಡ್ಡಾದಿಡ್ಡಿಯಾದರೂ ಸರಾಸರಿ ಕೆಡುತ್ತದೆ, ನಡುವಿನದು ಕೆಡುವುದಿಲ್ಲ. ತೆರೆದ ಮುಖದ ಸಂವೇದಕವನ್ನೂ ತೆಗೆದು, ನೀರು ತಾಗಿದರೂ ಹಾಳಾಗದ ಮುಚ್ಚಿದ ಮುಖದ್ದನ್ನು ಹಾಕಿದೆ. ಅದಕ್ಕೆ ತನ್ನ ಮೂಗಿನ ಕೆಳಗಿನ ಒಂದು ಗೇಣು ದೂರ ಕಾಣುವುದಿಲ್ಲ. ಹಾಗಾಗಿ ತುಂಬಿದ ನೀರಿನ ಮಟ್ಟದಿಂದ ಅದಕ್ಕಿಂತ ಸ್ವಲ್ಪ ಹೆಚ್ಚೇ ಎತ್ತರದಲ್ಲಿ ಕೂರಿಸಿದೆ.

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಬೇಸಿಗೆಯ ಒಂದು ಮಧ್ಯಾಹ್ನ ಅವ್ವ ಕರೆದಳು: “ಏ ಮಗಾ, ಮೋಟರ್ ಹಾಕದೇನೇ ನಿನ್ನ ಟ್ಯಾಂಕಲ್ಲಿ ನೀರು ಏರ್ತಾ ಐತಲ್ಲೋ!”

ನಿಜ. ಬೆಳಗ್ಗೆ ಪರದೆ 80 ಎಂದಿತ್ತು, ಮಧ್ಯಾಹ್ನ 77. ಯಾರೂ ನಲ್ಲಿ ತಿರುಗಿಸಿಲ್ಲ, ಮೋಟರ್ ಓಡಿಲ್ಲ. ನಮ್ಮ ಸಾವಿರ ಲೀಟರ್ ಟ್ಯಾಂಕಿನಲ್ಲಿ ಮೂರು ಸೆಂಟಿಮೀಟರ್ ಅಂದರೆ ಸುಮಾರು ಎರಡು ಕೊಡ ನೀರು. ಬಿದಿರು ಕೋಲಿಗೆ ಅಳತೆಯ ಗುರುತು ಹಾಕಿ ಇಳಿಬಿಟ್ಟು ನೋಡಿದೆ. ನೀರು ಇದ್ದಲ್ಲೇ ಇತ್ತು. ಸಂಜೆ ತಂಪಾದ ಮೇಲೆ ಪರದೆ ತಾನಾಗಿಯೇ 80ಕ್ಕೆ ಮರಳಿತು.

ಆಗ ಹೊಳೆದದ್ದು ಇದೇ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಹೇಳಿ ಬರೆಸಿದ್ದ ಒಂದು ವಾಕ್ಯ: ಗಾಳಿ ಬಿಸಿಯಾದಷ್ಟೂ ಶಬ್ದದ ವೇಗ ಹೆಚ್ಚುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ. ಬಿಸಿಲಿಗೆ ನಿಂತ ಕಪ್ಪು ಟ್ಯಾಂಕಿನ ಒಳಗೆ ಉಷ್ಣಮಾಪಕ ಇಳಿಬಿಟ್ಟೆ. ಬೆಳಗ್ಗೆ 22 ಡಿಗ್ರಿ, ಮಧ್ಯಾಹ್ನ 45. ಶಬ್ದ 22 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡಿದರೆ 45 ಡಿಗ್ರಿಯಲ್ಲಿ ಸುಮಾರು 359 ಮೀಟರ್. ಮಧ್ಯಾಹ್ನ ಶಬ್ದ ಬೇಗ ಹೋಗಿ ಬೇಗ ಬರುತ್ತಿತ್ತು. ದೂರ ಕಡಿಮೆ ಎಂದುಕೊಂಡು ನನ್ನ ಲೆಕ್ಕ ನೀರನ್ನು ಏರಿಸಿ ತೋರಿಸುತ್ತಿತ್ತು. 58 ಎಂಬುದು ಇಪ್ಪತ್ತು ಡಿಗ್ರಿಯ ಆಸುಪಾಸಿಗೆ ಹೊಂದುವ ಅಂಕಿ, ಎಲ್ಲ ಹೊತ್ತಿಗೂ ಅಲ್ಲ.

ಅದೇ ಬೋರ್ಡಿನ ಇನ್ನೊಂದು ಕಾಲಿಗೆ ಉಷ್ಣತೆ ಅಳೆಯುವ ಚಿಕ್ಕ ಸಂವೇದಕವೊಂದನ್ನು ಸೇರಿಸಿ ಟ್ಯಾಂಕಿನ ಒಳಗೆ ತೂಗುಬಿಟ್ಟೆ. 58ರ ಬದಲು ಈ ಸಾಲುಗಳು ಬಂದವು. ಮಕ್ಕಳು ಬರೆದುಕೊಳ್ಳಬಹುದು:

```
long t = pulseIn(ECHO, HIGH, 30000);
float v = 0.03313 + 0.0000606 * C;
float d = t * v / 2;
```

`t` ಪ್ರತಿಧ್ವನಿಯ ಸಮಯ. `30000` ಎಂಬುದು ಕಾಯುವ ಗಡುವು, ಮೈಕ್ರೊಸೆಕೆಂಡಿನಲ್ಲಿ. `C` ಟ್ಯಾಂಕಿನ ಒಳಗಿನ ಉಷ್ಣತೆ. `v` ಆ ಉಷ್ಣತೆಯಲ್ಲಿ ಶಬ್ದ ಒಂದು ಮೈಕ್ರೊಸೆಕೆಂಡಿನಲ್ಲಿ ಓಡುವ ಸೆಂಟಿಮೀಟರ್. ಹೋದ ದಾರಿಯೂ ಬಂದ ದಾರಿಯೂ ಸೇರಿರುವುದರಿಂದ ಎರಡರಿಂದ ಭಾಗಿಸಿದೆ. `t` ಸೊನ್ನೆಯಾದರೆ ಮುಂದಿನ ಎರಡು ಸಾಲಿಗೆ ಹೋಗಲೇಬಾರದು.

ಇದಾದ ಮೇಲೆ ಒಂದು ವಾರ ಬೆಳಗ್ಗೆ, ಮಧ್ಯಾಹ್ನ, ಸಂಜೆ ಕೋಲಿನ ಅಳತೆಯನ್ನೂ ಪರದೆಯ ಅಳತೆಯನ್ನೂ ಪಕ್ಕಪಕ್ಕ ಬರೆದೆ. ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ನೀರು ಬೀಳುವಾಗ ಮಾತ್ರ ಅಲೆ ಎದ್ದು ಅಂಕಿ ಕುಣಿಯುತ್ತದೆ. ಅದಕ್ಕೆ ನಾನು ಕೈ ಹಾಕಿಲ್ಲ.

ಕೆಲವರು ಕೇಳುತ್ತಾರೆ, ಮೋಟರನ್ನೂ ಅದೇ ಬಂದ್ ಮಾಡುವಂತೆ ಯಾಕೆ ಮಾಡಲಿಲ್ಲ ಎಂದು. ಈ ಬೋರ್ಡಿನ ಕಾಲು ಒಂದು ಸಣ್ಣ ದೀಪವನ್ನೋ ಚಿಕ್ಕ ಬಜರನ್ನೋ ನಡೆಸುವಷ್ಟು ಕರೆಂಟು ಕೊಡುತ್ತದೆ, ಅಷ್ಟೇ. ಮೂರು ಫೇಸಿನ ಸ್ಟಾರ್ಟರಿಗೆ ಅದನ್ನು ಜೋಡಿಸಬೇಕಾದರೆ ನಡುವೆ ಬೇರೆ ಸಲಕರಣೆ ಬೇಕು, ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಬೇಕು. ಒದ್ದೆ ಕೈಯಲ್ಲಿ ಅವ್ವ ಮುಟ್ಟುವ ಜಾಗದಲ್ಲಿ ನನ್ನ ಹವ್ಯಾಸದ ಪ್ರಯೋಗ ಬೇಡ ಅನ್ನಿಸಿತು. ಸ್ವಿಚ್ ಅವಳ ಕೈಯಲ್ಲೇ ಇದೆ.

ಏಣಿ ಈಗ ಕೊಟ್ಟಿಗೆಯಲ್ಲಿದೆ. ಬೋರ್ಡು, ಸಂವೇದಕ, ಆ ಬಿದಿರು ಕೋಲು ಮೂರನ್ನೂ ತಂದಿದ್ದೇನೆ. ಪ್ರಯೋಗಾಲಯದ ಬಾಗಿಲ ಹತ್ತಿರ ಒಂದು ಡ್ರಮ್ಮಿಗೆ ನೀರು ತುಂಬಿಸಿಟ್ಟಿದೆ. ಊಟಕ್ಕೆ ಮೊದಲು ಮಕ್ಕಳು ಬಂದು ಕೋಲಿನಲ್ಲೊಮ್ಮೆ, ಬೋರ್ಡಿನಲ್ಲೊಮ್ಮೆ ಅಳೆದು ನೋಡಲಿ.