ಬೋನಸ್ ಬೈ ಬಟನ್: ನೂರು ಪಟ್ಟು ಕೊಟ್ಟು ಕೊಳ್ಳೋದು ಏನನ್ನ?

ಈ ವಾರ ಪೂರ್ತಿ ಎಪಿಸೋಡ್ ಒಂದೇ ಪ್ರಶ್ನೆ ಮೇಲೆ. ಕೇಳುಗರೊಬ್ಬರು ಕಳಿಸಿದ ಮೆಸೇಜ್ ಇದು: ‘ಸ್ಲಾಟ್ ಆಟದಲ್ಲಿ ಬೋನಸ್ ಬೈ ಅಂತ ಒಂದು ಬಟನ್ ಇರುತ್ತೆ. ಹೆಲ್ಪ್ ಪೇಜ್‌ನಲ್ಲಿ ನೋಡಿದ್ರೆ ಅದರ ಆರ್‌ಟಿಪಿ ಮಾಮೂಲಿ ಸ್ಪಿನ್‌ಗಿಂತ ಕಡಿಮೆ ಏನೂ ಇಲ್ಲ. ಹಾಗಿದ್ರೂ ಹತ್ತು ಸಲ ಕೊಂಡು 20,000 ಹಾಕಿದ್ದಕ್ಕೆ ವಾಪಸ್ ಬಂದಿದ್ದು 13,000. ಆಟದಲ್ಲಿ ಮೋಸ ಇದೆಯಾ? ಹನ್ನೊಂದನೇದು ಕೊಳ್ಳಲಾ?’

ಮೋಸ ಇದ್ದರೂ ಇರಬಹುದು, ಲೈಸೆನ್ಸ್ ಇಲ್ಲದ ಸೈಟುಗಳ ಬಗ್ಗೆ ನಾನು ಗ್ಯಾರಂಟಿ ಕೊಡಲ್ಲ. ಆದರೆ ಈ ಫಲಿತಾಂಶಕ್ಕೆ ಮೋಸ ಬೇಕಾಗೇ ಇಲ್ಲ. ಆಟ ನೂರಕ್ಕೆ ನೂರು ಪ್ರಾಮಾಣಿಕವಾಗಿದ್ದರೂ ಹೆಚ್ಚಿನವರಿಗೆ ಆಗೋದು ಹೀಗೇ. ಬಿಕಾಂನಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿತವರಿಗೆ ಇದು ಸುಲಭದ ಲೆಕ್ಕ. ಕಲಿಯದವರಿಗೂ ಕಷ್ಟ ಇಲ್ಲ, ಪೆನ್ನು ಪೇಪರ್ ಸಾಕು.

ಮೊದಲು ಬಟನ್ ಏನು ಮಾಡುತ್ತೆ ಅಂತ ನೋಡೋಣ. ಸ್ಲಾಟ್‌ನಲ್ಲಿ ದೊಡ್ಡ ಗೆಲುವುಗಳೆಲ್ಲ ಬಹುಪಾಲು ಇರೋದು ಫ್ರೀ ಸ್ಪಿನ್ ಬೋನಸ್ ಒಳಗೆ. ಅದು ತಾನಾಗಿ ಬರಬೇಕಾದರೆ ಸ್ಕ್ಯಾಟರ್ ಚಿಹ್ನೆಗಳು ಸಾಕಷ್ಟು ಸಂಖ್ಯೆಯಲ್ಲಿ ಒಟ್ಟಿಗೆ ಬೀಳಬೇಕು, ಅದಕ್ಕೆ ನೂರಾರು ಸ್ಪಿನ್ ಕಾಯಬೇಕು. ಕಾಯೋಕೆ ಆಗದವರಿಗೆ ಈ ಬಟನ್. ಬೆಟ್‌ನ ನೂರು ಪಟ್ಟು ಕೊಟ್ಟರೆ ನೇರ ಬೋನಸ್ ಒಳಗೆ ಬಿಡ್ತಾರೆ. ನೂರು ಅನ್ನೋದು ಸಾಮಾನ್ಯ ದರ. ಕೆಲವು ಆಟಗಳಲ್ಲಿ ‘ಸೂಪರ್’ ಬೋನಸ್ ಅಂತ 200, 500 ಪಟ್ಟಿನದ್ದೂ ಇರುತ್ತೆ.

ಈಗ ಲೆಕ್ಕಕ್ಕೆ ಅಂತ ನಾನೇ ಒಂದು ಆಟ ಮಾಡ್ಕೊಂಡಿದ್ದೀನಿ. ಬೆಟ್ 20 ರೂಪಾಯಿ. ಆರ್‌ಟಿಪಿ ಶೇ 96, ಅಂದ್ರೆ ಹಾಕಿದ ಪ್ರತಿ ನೂರು ರೂಪಾಯಿಗೆ ದೀರ್ಘಾವಧಿ ಸರಾಸರಿಯಲ್ಲಿ 96 ವಾಪಸ್, ನಾಲ್ಕು ಮನೆಗೆ. ಬೋನಸ್ ಸರಾಸರಿ 250 ಸ್ಪಿನ್‌ಗೆ ಒಂದು ಸಲ ತಾನಾಗಿ ಬರುತ್ತೆ. ಕೊಳ್ಳೋದಾದ್ರೆ 2,000 ರೂಪಾಯಿ, ಅದಕ್ಕೂ ಆರ್‌ಟಿಪಿ ಶೇ 96.

ಕಾದು ಬೋನಸ್ ಪಡೆದರೆ 250 ಸ್ಪಿನ್, ಒಟ್ಟು 5,000 ರೂಪಾಯಿ ಬೆಟ್, ಅದರ ಶೇ 4 ಅಂದ್ರೆ ಸರಾಸರಿ ನಷ್ಟ 200. ಕೊಂಡರೆ 2,000ದ ಶೇ 4, ನಷ್ಟ 80. ಅಂದ್ರೆ ಒಂದು ಬೋನಸ್‌ಗೆ ಇಷ್ಟು ಅಂತ ನೋಡಿದ್ರೆ ಕೊಳ್ಳೋದೇ ಅಗ್ಗ! ವಿಡಿಯೋ ಮಾಡೋರು ಹೇಳೋದು ಈ ಅರ್ಧ ಮಾತ್ರ, ಮತ್ತು ಆ ಅರ್ಧ ಸುಳ್ಳಲ್ಲ.

ಇನ್ನರ್ಧ ಗಡಿಯಾರದಲ್ಲಿದೆ. ಸ್ಪಿನ್‌ಗೆ ಐದು ಸೆಕೆಂಡ್ ಅಂದ್ರೆ ಗಂಟೆಗೆ 720 ಸ್ಪಿನ್, ನಷ್ಟ ಸುಮಾರು 576 ರೂಪಾಯಿ. ಕೊಂಡ ಬೋನಸ್ ಒಂದೂವರೆ ನಿಮಿಷದಲ್ಲಿ ಮುಗಿಯುತ್ತೆ ಅಂದ್ಕೊಳ್ಳಿ, ಗಂಟೆಗೆ 40 ಖರೀದಿ, ನಷ್ಟ 3,200. ಶೇಕಡಾವಾರು ಬದಲಾಗಿಲ್ಲ, ಅದು ಕೂತಿರೋ ಮೊತ್ತ ಬದಲಾಗಿದೆ. ‘ನಾನು 20 ರೂಪಾಯಿ ಆಟಗಾರ’ ಅಂತ ಅಂದ್ಕೊಂಡವರು ಬಟನ್ ಒತ್ತಿದ ಕ್ಷಣ 2,000 ರೂಪಾಯಿ ಆಟಗಾರ. ಪರದೆ ಮೇಲೆ ಬೆಟ್ ಇನ್ನೂ 20 ಅಂತಲೇ ಕಾಣುತ್ತೆ, ಅದೇ ಇದರ ಜಾಣತನ.

ಇಷ್ಟೂ ಸರಾಸರಿಯ ಮಾತು. ನಮ್ಮ ಕೇಳುಗರ ಸರಾಸರಿ ನಷ್ಟ ಹತ್ತು ಖರೀದಿಗೆ 800 ಇರಬೇಕಿತ್ತು, ಆಗಿದ್ದು 7,000. ಇಲ್ಲಿ ಬರುತ್ತೆ ವೇರಿಯನ್ಸ್, ಅಂದ್ರೆ ಸರಾಸರಿಯ ಸುತ್ತ ಫಲಿತಾಂಶ ಎಷ್ಟು ಚೆದುರುತ್ತೆ ಅನ್ನೋದು.

ನನ್ನ ಆಟದಲ್ಲಿ ನೂರು ಖರೀದಿಗೆ ಹೀಗೆ ಹಂಚಿದ್ದೀನಿ. 60 ಸಲ ಬೆಟ್‌ನ 25 ಪಟ್ಟು, ಅಂದ್ರೆ 500 ರೂಪಾಯಿ. 30 ಸಲ ಕೊಟ್ಟಷ್ಟೇ 2,000. ಒಂಬತ್ತು ಸಲ 6,000. ಒಂದೇ ಒಂದು ಸಲ 48,000. ಕೂಡಿ ನೋಡಿ, ಒಟ್ಟು 1,92,000 ಬರುತ್ತೆ. ಕೊಟ್ಟಿದ್ದು ಎರಡು ಲಕ್ಷ. ಸರಿಯಾಗಿ ಶೇ 96. ನಿಜವಾದ ಆಟಗಳಲ್ಲಿ ಹಂಚಿಕೆ ಇಷ್ಟು ಒರಟಾಗಿರಲ್ಲ, ಆದರೆ ಆಕಾರ ಇಂಥದ್ದೇ: ಹೆಚ್ಚಿನ ಬೋನಸ್‌ಗಳು ಕೊಂಡ ಬೆಲೆಗಿಂತ ಕಡಿಮೆ, ಎಲ್ಲೋ ಒಂದು ಸರಾಸರಿಯನ್ನ ಎತ್ತಿ ಹಿಡಿಯುತ್ತೆ.

ಈಗ ಆ 48,000ವನ್ನ ಬೆರಳಿಂದ ಮುಚ್ಚಿ. ಉಳಿದ 99 ಖರೀದಿಗಳ ವಾಪಸಾತಿ ಶೇ 72.7 ಮಾತ್ರ. ಹತ್ತು ಸಲ ಕೊಳ್ಳೋರಲ್ಲಿ ನೂರಕ್ಕೆ ಸುಮಾರು 90 ಜನ ಆ ಒಂದನ್ನ ನೋಡೋದೇ ಇಲ್ಲ. ಅವರು ಆಡಿದ್ದು ಶೇ 96ರ ಆಟ ಅಲ್ಲ, ಶೇ 72.7ರ ಆಟ. 20,000ಕ್ಕೆ ಸರಾಸರಿ 5,450 ಹೋಗುತ್ತೆ. ಏಳು ಸಾವಿರ ಹೋಗೋದು ಅಲ್ಲಿಂದ ದೂರ ಏನಲ್ಲ.

ಅದೇ 20,000ಕ್ಕೆ ಮಾಮೂಲಿ ಸ್ಪಿನ್ ಹೊಡೆದಿದ್ದರೆ? ಸಾವಿರ ಸ್ಪಿನ್, ನಿರೀಕ್ಷಿತ ನಷ್ಟ ಅದೇ 800. ಆದರೆ ಬೋನಸ್ ಬರೋದು ಹತ್ತಲ್ಲ, ಸುಮಾರು ನಾಲ್ಕು. ಉಳಿದ ದುಡ್ಡು ಸಣ್ಣ ಸಣ್ಣ ಗೆಲುವುಗಳಲ್ಲಿ ತಿರುಗುತ್ತಾ ಇರುತ್ತೆ. ಹಾಗಾಗಿ ಚೆದುರುವಿಕೆ ಕಡಿಮೆ: ನನ್ನ ಲೆಕ್ಕದಲ್ಲಿ ಸ್ಟ್ಯಾಂಡರ್ಡ್ ಡೀವಿಯೇಶನ್ ಸುಮಾರು 10,500 ರೂಪಾಯಿ, ಹತ್ತು ಖರೀದಿಗೆ ಸುಮಾರು 15,500. ಹಾಕಿದ ದುಡ್ಡು ಒಂದೇ, ನಿರೀಕ್ಷಿತ ನಷ್ಟ ಒಂದೇ, ಏರಿಳಿತ ಒಂದೂವರೆ ಪಟ್ಟು. ಮತ್ತೆ ಸಾವಿರ ಸ್ಪಿನ್‌ಗೆ ಒಂದೂಕಾಲು ಗಂಟೆ ಮೀರುತ್ತೆ, ಹತ್ತು ಖರೀದಿ ಹದಿನೈದು ನಿಮಿಷದಲ್ಲಿ ಖತಂ. (‘ಒಂದೂವರೆ ಪಟ್ಟು ಏರಿಳಿತ ಅಂದ್ರೆ ಗೆಲ್ಲೋ ಚಾನ್ಸೂ ಜಾಸ್ತಿ ಅಲ್ವಾ’ ಅಂತ ಕೇಳ್ತೀರಿ. ದೊಡ್ಡದು ಸಿಗೋ ಚಾನ್ಸ್ ಜಾಸ್ತಿ, ಹೌದು. ಆ ಚಾನ್ಸ್‌ನ ಬೆಲೆ ಉಳಿದ ತೊಂಬತ್ತು ಜನ ಕಟ್ಟಿದ್ದಾರೆ.)

ಹೆಲ್ಪ್ ಪೇಜ್ ಬಗ್ಗೆ ಇನ್ನೊಂದು. ಒಂದೇ ಆಟವನ್ನ ಕಂಪನಿಗಳು ಬೇರೆ ಬೇರೆ ಆರ್‌ಟಿಪಿ ಆವೃತ್ತಿಗಳಲ್ಲಿ ಕೊಡ್ತವೆ, ಯಾವುದು ಬೇಕು ಅಂತ ಸೈಟ್ ಆರಿಸುತ್ತೆ. ಶೇ 96ರ ಬದಲು 94 ಇದ್ದರೆ ‘ಎರಡೇ ಪರ್ಸೆಂಟ್’ ಅನ್ಸುತ್ತೆ. ಮಾಮೂಲಿ ಸ್ಪಿನ್‌ನಲ್ಲಿ ಅದು 40 ಪೈಸೆ. ಪ್ರತಿ ಖರೀದಿಯಲ್ಲಿ 40 ರೂಪಾಯಿ, ನಷ್ಟ 80ರಿಂದ 120ಕ್ಕೆ.

ಬ್ರಿಟನ್‌ನ ಗ್ಯಾಂಬ್ಲಿಂಗ್ ಕಮಿಷನ್ 2019ರಲ್ಲೇ ಈ ಬಟನ್‌ನ್ನ ತೆಗೆಸಿತು. ಸ್ಲಾಟ್ ಜೂಜು ಅಲ್ಲಿ ಕಾನೂನುಬದ್ಧ, ಆದರೂ ಆಟಗಾರ ತನ್ನ ಮಾಮೂಲಿ ಬೆಟ್‌ಗಿಂತ ಎಷ್ಟೋ ಪಟ್ಟು ಹಾಕುವಂತೆ ಇದು ಪುಸಲಾಯಿಸುತ್ತೆ ಅನ್ನೋದು ಆಕ್ಷೇಪ. ಅಲ್ಲಿ 2025ರಿಂದ ಆನ್‌ಲೈನ್ ಸ್ಲಾಟ್ ಬೆಟ್‌ಗೇ ಐದು ಪೌಂಡ್ ಮಿತಿ ಇದೆ, 18ರಿಂದ 24 ವಯಸ್ಸಿನವರಿಗೆ ಎರಡು ಪೌಂಡ್. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಕಾಯ್ದೆ ದುಡ್ಡಿನ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಶಿಕ್ಷೆ ಆಟ ನಡೆಸೋರಿಗೆ, ಜಾಹೀರಾತು ಮಾಡೋರಿಗೆ. ಆಡೋರಿಗಲ್ಲ. ಆದರೆ ಕದ್ದು ನಡೆಯೋ ಸೈಟ್ ನಿಮ್ಮ ಗೆಲುವನ್ನ ತಡೆಹಿಡಿದರೆ ಯಾರ ಬಾಗಿಲು ತಟ್ತೀರಿ, ಅದೂ ಲೆಕ್ಕದಲ್ಲಿರಲಿ.

ಈಗ ಹನ್ನೊಂದನೇದು. ಸಾರ್, ಹತ್ತು ಸಲ ಸೋತಿದ್ದು ಮಷಿನ್‌ಗೆ ನೆನಪಿರಲ್ಲ. ನನ್ನ ಆಟದಲ್ಲಿ ದೊಡ್ಡದು ಬರೋ ಸಾಧ್ಯತೆ ಮೊದಲನೇ ಖರೀದಿಗೂ ನೂರಕ್ಕೆ ಒಂದು, ಹನ್ನೊಂದನೇದಕ್ಕೂ ನೂರಕ್ಕೆ ಒಂದು. ‘ನೂರು ಸಲ ಕೊಂಡರೆ ಬಂದೇ ಬರುತ್ತಲ್ಲ’ ಅಂತೀರಾ? ಪ್ರತಿ ಸಲ ತಪ್ಪೋ ಸಾಧ್ಯತೆ 0.99. ಅದನ್ನ ನೂರು ಸಲ ಗುಣಿಸಿ, 0.366 ಬರುತ್ತೆ. ಎರಡು ಲಕ್ಷ ರೂಪಾಯಿಗೆ ನೂರು ಬೋನಸ್ ಕೊಂಡ ನೂರು ಜನರಲ್ಲಿ ಸುಮಾರು 37 ಜನ ಆ 48,000ವನ್ನ ಒಂದು ಸಲವೂ ನೋಡಿರಲ್ಲ.